‘Matrix is not positive definite’: ಕಂಪ್ಯೂಟರಿಗೆ ಇದು ಹೇಗೆ ಗೊತ್ತಾಗುತ್ತದೆ?

ಡೇಟಾ ಕೆಲಸಕ್ಕೆ ಹೊಸದಾಗಿ ಇಳಿದವರಿಗೆ ಒಂದಲ್ಲ ಒಂದು ದಿನ ಈ ಸಾಲು ಎದುರಾಗುತ್ತದೆ: `LinAlgError: Matrix is not positive definite`. ಪ್ರೋಗ್ರಾಂ ಅಲ್ಲಿಗೇ ನಿಲ್ಲುತ್ತದೆ. ಮ್ಯಾಟ್ರಿಕ್ಸ್ ತೆರೆದು ನೋಡಿದರೆ ಕಣ್ಣಿಗೆ ಯಾವ ತಪ್ಪೂ ಕಾಣುವುದಿಲ್ಲ. ಒಂದೇ ಒಂದು ಮೈನಸ್ ಅಂಕಿಯೂ ಇಲ್ಲ. ಹಾಗಿದ್ದರೂ ‘ಇದು ಪಾಸಿಟಿವ್ ಅಲ್ಲ’ ಅಂತ ದೂರು.

ಆ ದೂರು ಎಲ್ಲಿಂದ ಬರುತ್ತದೆ ಅಂತ ತಿಳಿಯಲು ಒಂದು ಸಣ್ಣ ಉದಾಹರಣೆ ಇಟ್ಟುಕೊಳ್ಳೋಣ. ಅಂಕಿಗಳು ನಾನೇ ಕಟ್ಟಿದ್ದು, ಸಮಸ್ಯೆ ಮಾತ್ರ ನಿಜವಾದದ್ದು.

## ಮೂರು ಮಳೆಮಾಪಕಗಳು

ಮೂರು ಊರುಗಳಲ್ಲಿ ಮಳೆಮಾಪಕಗಳಿವೆ. ಅವನ್ನು ಅ, ಬ, ಕ ಎನ್ನೋಣ. ಹಲವು ವರ್ಷಗಳ ಮಳೆಯ ಲೆಕ್ಕ ಇದೆ, ಆದರೆ ನಡುನಡುವೆ ಖಾಲಿ ಜಾಗಗಳಿವೆ. ಒಂದು ವರ್ಷ ಅ ಕೆಟ್ಟಿತ್ತು, ಇನ್ನೊಂದು ವರ್ಷ ಕ ಕೆಟ್ಟಿತ್ತು.

ಎರಡು ಊರುಗಳ ಮಳೆ ಎಷ್ಟರ ಮಟ್ಟಿಗೆ ಒಟ್ಟಿಗೆ ಏರಿಳಿಯುತ್ತದೆ ಎಂದು ಹೇಳುವ ಅಂಕಿಗೆ ಕೋರಿಲೇಶನ್ ಎನ್ನುತ್ತಾರೆ. ಅದು 1 ಇದ್ದರೆ ಎರಡೂ ಪೂರ್ತಿ ಜೊತೆಗೇ ಹೋಗುತ್ತವೆ, 0 ಇದ್ದರೆ ಅಂಥ ನಂಟು ಕಾಣುವುದಿಲ್ಲ. ನಮ್ಮ ಲೆಕ್ಕದಲ್ಲಿ ಅ ಮತ್ತು ಬ ನಡುವೆ 0.9, ಬ ಮತ್ತು ಕ ನಡುವೆ 0.9, ಅ ಮತ್ತು ಕ ನಡುವೆ 0 ಬಂತು. ಇವನ್ನು ಕೋಷ್ಟಕದಲ್ಲಿ ಜೋಡಿಸಿದರೆ ಮ್ಯಾಟ್ರಿಕ್ಸ್ ಸಿದ್ಧ. ಅದನ್ನು `cholesky` ಎಂಬ ಲೆಕ್ಕಕ್ಕೆ ಕೊಟ್ಟರೆ ದೂರು ಬರುತ್ತದೆ:

```python
import numpy as np
C = np.array([[1, .9, 0],
              [.9, 1, .9],
              [0, .9, 1]])
np.linalg.cholesky(C)
# LinAlgError: Matrix is not positive definite
```

ಅ-ಬ ಅಂಕಿಯೂ ಬ-ಅ ಅಂಕಿಯೂ ಒಂದೇ. ಹೀಗೆ ಕರ್ಣದ ಆಚೆ ಈಚೆ ಒಂದೇ ಅಂಕಿಗಳಿರುವ ಮ್ಯಾಟ್ರಿಕ್ಸ್‌ಗೆ ಸಿಮೆಟ್ರಿಕ್ ಎಂದು ಹೆಸರು. ಮುಂದಿನ ಮಾತೆಲ್ಲ ಇಂಥ ಮ್ಯಾಟ್ರಿಕ್ಸ್‌ಗೆ ಮಾತ್ರ.

ಈಗ ಅ − ಬ + ಕ ಎಂಬ ಒಂದು ಹೊಸ ಅಂಕಿ ಮಾಡೋಣ, ಸುಮ್ನೆ. ಅದು ತನ್ನ ಸರಾಸರಿಯ ಸುತ್ತ ಎಷ್ಟು ಹರಡಿದೆ ಎಂದು ಅಳೆಯುವುದಕ್ಕೆ ವೇರಿಯನ್ಸ್ ಎನ್ನುತ್ತಾರೆ. ಸರಾಸರಿಯಿಂದ ಇರುವ ದೂರಗಳ ವರ್ಗ ಮಾಡಿ, ಆ ವರ್ಗಗಳ ಸರಾಸರಿ ತೆಗೆದರೆ ಅದೇ ವೇರಿಯನ್ಸ್. ಮೂರೂ ಊರಿನ ಮಳೆಯನ್ನು ವೇರಿಯನ್ಸ್ 1 ಬರುವ ಹಾಗೆ ಮೊದಲೇ ಅಳತೆ ಬದಲಿಸಿಕೊಂಡಿದ್ದರೆ, ಹೊಸ ಅಂಕಿಯ ವೇರಿಯನ್ಸ್ ಹೀಗೆ ಬರುತ್ತದೆ:

1 + 1 + 1 − 2(0.9) − 2(0.9) + 2(0) = −0.6

ವರ್ಗಗಳ ಸರಾಸರಿ ಮೈನಸ್ ಆಗುವುದು ಸಾಧ್ಯವೇ ಇಲ್ಲ, ಅಲ್ವಾ? ಅಂದರೆ ಈ ಮೂರು ಕೋರಿಲೇಶನ್‌ಗಳು ಒಟ್ಟಿಗೆ ಇರಲು ಬರುವುದಿಲ್ಲ. ಅ-ಬ ಮತ್ತು ಬ-ಕ ಎರಡೂ 0.9 ಆಗಿದ್ದರೆ ಅ-ಕ ಕನಿಷ್ಠ 0.62 ಆದರೂ ಇರಲೇಬೇಕು. ನಮ್ಮಲ್ಲಿ 0 ಬಂದಿದೆ.

ಇಂಥ ಅಸಾಧ್ಯದ ಅಂಕಿಗಳು ಹೇಗೆ ಹುಟ್ಟುತ್ತವೆ? ಖಾಲಿ ಜಾಗಗಳಿಂದ. `pandas` ನಲ್ಲಿ `df.corr()` ಎಂದು ಕರೆದರೆ ಅದು ಒಂದೊಂದು ಜೋಡಿಗೂ ಆ ಇಬ್ಬರ ಲೆಕ್ಕ ಸಿಗುವ ದಿನಗಳನ್ನು ಮಾತ್ರ ತೆಗೆದುಕೊಳ್ಳುತ್ತದೆ. ಅ-ಬ ಒಂದಷ್ಟು ವರ್ಷಗಳಿಂದ, ಅ-ಕ ಬೇರೆಯೇ ವರ್ಷಗಳಿಂದ ಬಂದಿರಬಹುದು. ಒಂದೊಂದೂ ಅದರದರ ಮಟ್ಟಿಗೆ ಸರಿ. ಕೂಡಿಸಿದಾಗ ಮಾತ್ರ ಹೊಂದುವುದಿಲ್ಲ.

## ಪಾಸಿಟಿವ್ ಡೆಫಿನಿಟ್ ಅಂದರೆ

ಮೇಲೆ ಮಾಡಿದ ಲೆಕ್ಕವನ್ನೇ ಸಾಮಾನ್ಯವಾಗಿ ಹೇಳಬಹುದು. ಮ್ಯಾಟ್ರಿಕ್ಸ್ A ಇದೆ. x ಎಂಬುದು ನಮಗೆ ಇಷ್ಟ ಬಂದ ಅಂಕಿಗಳ ಪಟ್ಟಿ. ಮೇಲಿನದು 1, −1, 1. A ಯ ಒಂದೊಂದು ಅಂಕಿಯನ್ನೂ ಅದರ ಸಾಲಿಗೆ ಸೇರಿದ x ಅಂಕಿಯಿಂದಲೂ ಅದರ ಕಂಬಕ್ಕೆ ಸೇರಿದ x ಅಂಕಿಯಿಂದಲೂ ಗುಣಿಸಿ, ಎಲ್ಲವನ್ನೂ ಕೂಡಿ xᵀAx ಎಂಬ ಒಂದೇ ಸಂಖ್ಯೆ ಲೆಕ್ಕ ಹಾಕುತ್ತೇವೆ. x ಸೊನ್ನೆ ಅಲ್ಲದಿದ್ದಾಗಲೆಲ್ಲ ಈ ಸಂಖ್ಯೆ ಸೊನ್ನೆಗಿಂತ ಜಾಸ್ತಿ ಬಂದರೆ A ಪಾಸಿಟಿವ್ ಡೆಫಿನಿಟ್. ಸೊನ್ನೆಯೂ ಬರಬಹುದು, ಮೈನಸ್ ಮಾತ್ರ ಬರುವುದಿಲ್ಲ ಎಂದಾದರೆ ಪಾಸಿಟಿವ್ ಸೆಮಿಡೆಫಿನಿಟ್.

ಮ್ಯಾಟ್ರಿಕ್ಸ್ ಒಳಗಿನ ಅಂಕಿಗಳು ಪಾಸಿಟಿವ್ ಆಗಿರುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ತೊಂದರೆ ಏನೆಂದರೆ, x ಗೆ ಲೆಕ್ಕವಿಲ್ಲದಷ್ಟು ಆಯ್ಕೆಗಳಿವೆ. ಎಲ್ಲವನ್ನೂ ಹಾಕಿ ನೋಡಲು ಆಗದು. 1, −1, 1 ಹಾಕಿದ್ದಕ್ಕೆ ನಮಗೆ ತಪ್ಪು ಸಿಕ್ಕಿತು. ಸಿಗದೇ ಇದ್ದಿದ್ದರೆ ತಪ್ಪು ಇಲ್ಲ ಅಂತ ಹೇಳಲು ಬರುತ್ತಿರಲಿಲ್ಲ. ಅದಕ್ಕೇ ಪರೀಕ್ಷೆಗಳು ಬೇಕು. ಮುಖ್ಯವಾಗಿ ಎರಡಿವೆ.

## ಮೊದಲ ಪರೀಕ್ಷೆ: ಪಿವಟ್

ಕೈಯಲ್ಲಿ ಮಾಡಿ ನೋಡಲು ಚಿಕ್ಕ ಮ್ಯಾಟ್ರಿಕ್ಸ್ ಒಂದು ಬೇಕು. ಮೊದಲ ಸಾಲು 2, 2. ಎರಡನೇ ಸಾಲು 2, 5. ಪಟ್ಟಿಯ ಎರಡು ಅಂಕಿಗಳನ್ನು x, y ಎಂದು ಕರೆದು ಇದರ xᵀAx ಬಿಡಿಸಿ ಬರೆದರೆ

2x² + 4xy + 5y²

ನಡುವಿನ 4xy ಇರುವುದರಿಂದ ಇದು ಯಾವಾಗಲೂ ಪಾಸಿಟಿವ್ ಹೌದೋ ಅಲ್ಲವೋ ನೋಡಿದ ಕೂಡಲೇ ಹೇಳಲಾಗದು. ಹೈಸ್ಕೂಲಿನಲ್ಲಿ ವರ್ಗ ಸಮೀಕರಣ ಬಿಡಿಸಲು ‘ವರ್ಗ ಪೂರ್ಣಗೊಳಿಸುವ’ ವಿಧಾನ ಇರುತ್ತದಲ್ಲ, ಅದನ್ನೇ ಇಲ್ಲಿ ಬಳಸೋಣ. x ಇರುವುದನ್ನೆಲ್ಲ ಒಂದು ವರ್ಗದೊಳಗೆ ತುಂಬಿದರೆ

2(x + y)² + 3y²

ಈಗ ಅನುಮಾನವೇ ಇಲ್ಲ. ಎರಡು ವರ್ಗಗಳು, ಅವುಗಳ ಮುಂದೆ 2 ಮತ್ತು 3. ಎರಡೂ ಪಾಸಿಟಿವ್. ಮೊತ್ತ ಸೊನ್ನೆ ಆಗಬೇಕಾದರೆ y ಸೊನ್ನೆ ಆಗಬೇಕು, ಆಗ x ಕೂಡ ಸೊನ್ನೆಯೇ. ಹಾಗಾಗಿ ಇದು ಪಾಸಿಟಿವ್ ಡೆಫಿನಿಟ್.

ಆ 2 ಮತ್ತು 3 ಇವೆಯಲ್ಲ, ಅವೇ ಪಿವಟ್‌ಗಳು. ಸಮೀಕರಣ ಬಿಡಿಸುವಾಗ ಮೊದಲ ಸಾಲನ್ನು ಬೇಕಾದಷ್ಟು ಪಟ್ಟು ಮಾಡಿ ಎರಡನೇ ಸಾಲಿನಿಂದ ಕಳೆದು ಒಂದು ಅಜ್ಞಾತವನ್ನು ತೆಗೆದುಹಾಕುತ್ತೇವೆ. ಇಲ್ಲಿ 2, 5 ರಿಂದ 2, 2 ಕಳೆದರೆ 0, 3 ಉಳಿಯುತ್ತದೆ. ಕರ್ಣದ ಮೇಲೆ ಉಳಿದದ್ದು 2 ಮತ್ತು 3. ವರ್ಗ ಪೂರ್ಣ ಮಾಡುವುದು, ಸಾಲು ಕಳೆಯುವುದು ಎರಡೂ ಒಂದೇ ಕೆಲಸ. ಸಿಮೆಟ್ರಿಕ್ ಮ್ಯಾಟ್ರಿಕ್ಸ್‌ನ ಎಲ್ಲ ಪಿವಟ್‌ಗಳೂ ಪಾಸಿಟಿವ್ ಆದರೆ ಅದು ಪಾಸಿಟಿವ್ ಡೆಫಿನಿಟ್. ಒಂದು ಮೈನಸ್ ಬಂದರೂ ಅಲ್ಲ.

## ಎರಡನೇ ಪರೀಕ್ಷೆಗೆ ಬೇಕಾದ ಸ್ಪೆಕ್ಟ್ರಲ್ ಥಿಯರಮ್

ಮ್ಯಾಟ್ರಿಕ್ಸ್ ಒಂದು ಬಾಣವನ್ನು ತೆಗೆದುಕೊಂಡು ಇನ್ನೊಂದು ಬಾಣವನ್ನು ಕೊಡುತ್ತದೆ. ಸಾಮಾನ್ಯವಾಗಿ ದಿಕ್ಕೂ ಬದಲಾಗುತ್ತದೆ, ಉದ್ದವೂ ಬದಲಾಗುತ್ತದೆ. ಕೆಲವು ವಿಶೇಷ ಬಾಣಗಳು ಮಾತ್ರ ತಮ್ಮ ಗೆರೆ ಬಿಟ್ಟು ಕದಲುವುದಿಲ್ಲ, ಬರೀ ಹಿಗ್ಗುತ್ತವೆ ಅಥವಾ ಕುಗ್ಗುತ್ತವೆ. ಅಂಥ ಬಾಣ ಐಗನ್‌ವೆಕ್ಟರ್, ಅದು ಎಷ್ಟು ಪಟ್ಟು ಹಿಗ್ಗಿತು ಎಂಬುದು ಐಗನ್‌ವ್ಯಾಲ್ಯೂ. ಈ ಅಂಕಿ ಮೈನಸ್ ಆದರೆ ಬಾಣ ಅದೇ ಗೆರೆಯ ಮೇಲೆ ಹಿಂದುಮುಂದಾಗುತ್ತದೆ.

ನಮ್ಮ ಮ್ಯಾಟ್ರಿಕ್ಸ್‌ಗೆ (1, 2) ಕೊಟ್ಟು ನೋಡಿ. 2·1 + 2·2 = 6, 2·1 + 5·2 = 12. ಬಂದದ್ದು (6, 12), ಅಂದರೆ 6 ಪಟ್ಟು. (2, −1) ಕೊಟ್ಟರೆ (2, −1) ಹಾಗೇ ವಾಪಸ್ ಬರುತ್ತದೆ, ಅಂದರೆ 1 ಪಟ್ಟು. ಐಗನ್‌ವ್ಯಾಲ್ಯೂಗಳು 6 ಮತ್ತು 1. ಆ ಎರಡು ಬಾಣಗಳು ಒಂದಕ್ಕೊಂದು ಲಂಬವಾಗಿವೆ: 1·2 + 2·(−1) = 0.

ಇದು ಕಾಕತಾಳೀಯ ಅಲ್ಲ. ಸಿಮೆಟ್ರಿಕ್ ಮ್ಯಾಟ್ರಿಕ್ಸ್ ಯಾವುದೇ ಇರಲಿ, ಎಷ್ಟೇ ದೊಡ್ಡದಿರಲಿ, ಅದರ ಐಗನ್‌ವ್ಯಾಲ್ಯೂಗಳೆಲ್ಲ ನಿಜ ಸಂಖ್ಯೆಗಳೇ. ಒಂದಕ್ಕೊಂದು ಲಂಬವಾದ ಐಗನ್‌ವೆಕ್ಟರ್‌ಗಳು ಬೇಕಾದಷ್ಟು, ಅಂದರೆ n ಸಾಲಿನ ಮ್ಯಾಟ್ರಿಕ್ಸ್‌ಗೆ n, ಸಿಕ್ಕೇ ಸಿಗುತ್ತವೆ. ಇದೇ ಸ್ಪೆಕ್ಟ್ರಲ್ ಥಿಯರಮ್. ಐಗನ್‌ವ್ಯಾಲ್ಯೂಗಳು ನಿಜ ಸಂಖ್ಯೆಗಳು ಎಂಬ ಭಾಗವನ್ನು ಫ್ರಾನ್ಸಿನ ಗಣಿತಜ್ಞ ಕೋಶಿ 1829 ರಲ್ಲಿ ತೋರಿಸಿದ, ಅದೂ ಗ್ರಹಗಳ ಚಲನೆಯಲ್ಲಿ ನಿಧಾನವಾಗಿ ಆಗುವ ಏರುಪೇರುಗಳ ಸಮೀಕರಣ ಹಿಡಿದುಕೊಂಡು.

ಹಿಟ್ಟಿನ ದುಂಡನೆಯ ಚಪಾತಿಯನ್ನು ಎರಡು ಕಡೆ ಹಿಡಿದು ಎಳೆದರೆ ಅದು ಮೊಟ್ಟೆಯಾಕಾರ ಆಗುತ್ತದೆ. ಒಂದು ಉದ್ದನೆಯ ಅಕ್ಷ, ಅದಕ್ಕೆ ಲಂಬವಾಗಿ ಒಂದು ಗಿಡ್ಡ ಅಕ್ಷ. ಪಾಸಿಟಿವ್ ಡೆಫಿನಿಟ್ ಮ್ಯಾಟ್ರಿಕ್ಸ್ ಮಾಡುವುದು ಇಷ್ಟೇ: ಲಂಬವಾದ ದಿಕ್ಕುಗಳಲ್ಲಿ ಎಳೆಯುತ್ತದೆ, ತಿರುಗಿಸುವುದಿಲ್ಲ. ಸಿಮೆಟ್ರಿಕ್ ಅಲ್ಲದ್ದು ಎಳೆಯುವುದರ ಜೊತೆ ತಿರುಗಿಸಲೂಬಹುದು.

ಯಾಕೆ ಹೀಗೆ? ವಾದ ಕಷ್ಟವಿಲ್ಲ. ಉದ್ದ 1 ಇರುವ ಬಾಣಗಳಲ್ಲಿ xᵀAx ಅತಿ ಜಾಸ್ತಿ ಬರುವ ಬಾಣ v ಅನ್ನು ಹುಡುಕಿ. Av ಎಂಬ ಹೊಸ ಬಾಣ v ಯ ಗೆರೆ ಬಿಟ್ಟು ಸ್ವಲ್ಪವಾದರೂ ಪಕ್ಕಕ್ಕೆ ವಾಲಿದ್ದರೆ, v ಯನ್ನು ಆ ಪಕ್ಕಕ್ಕೇ ಚೂರು ತಿರುಗಿಸಿ xᵀAx ಅನ್ನು ಇನ್ನೂ ಹೆಚ್ಚಿಸಬಹುದಿತ್ತು. ಆದರೆ v ಆಗಲೇ ಅತಿ ಜಾಸ್ತಿಯದು. ಹಾಗಾಗಿ Av ವಾಲಿರಲು ಸಾಧ್ಯವಿಲ್ಲ. v ಐಗನ್‌ವೆಕ್ಟರ್ ಆಗಲೇಬೇಕು. ಇನ್ನು v ಗೆ ಲಂಬವಾದ ಬಾಣ w ಒಂದನ್ನು ತೆಗೆದುಕೊಳ್ಳಿ. A ಸಿಮೆಟ್ರಿಕ್ ಆದ್ದರಿಂದ Aw ಮತ್ತು v ಗಳ ಅಂಕಿಗಳನ್ನು ಮೇಲಿನಂತೆ ಜೋಡಿಜೋಡಿಯಾಗಿ ಗುಣಿಸಿ ಕೂಡಿದ್ದೂ w ಮತ್ತು Av ಗಳದ್ದನ್ನು ಹಾಗೇ ಕೂಡಿದ್ದೂ ಒಂದೇ, ಅದು ಸೊನ್ನೆ. ಅಂದರೆ Aw ಕೂಡ v ಗೆ ಲಂಬ. v ಯನ್ನು ಬದಿಗಿಟ್ಟು ಉಳಿದ ಲಂಬ ದಿಕ್ಕುಗಳಲ್ಲಿ ಮತ್ತೆ ಇದೇ ಹುಡುಕಾಟ ನಡೆಸಬಹುದು. ದಿಕ್ಕುಗಳು ಮುಗಿಯುವ ತನಕ ಹೀಗೇ.

ಈ ಲಂಬ ದಿಕ್ಕುಗಳನ್ನು ಹಿಡಿದು ನಮ್ಮ ಲೆಕ್ಕ ಮತ್ತೆ ಬರೆದರೆ

2x² + 4xy + 5y² = 6·(x + 2y)²/5 + 1·(2x − y)²/5

ಮತ್ತೆ ಎರಡು ವರ್ಗಗಳು, ಈ ಸಲ ಮುಂದೆ ಇರುವುದು ಐಗನ್‌ವ್ಯಾಲ್ಯೂಗಳು. ಎರಡನೇ ಪರೀಕ್ಷೆ ತಾನಾಗಿಯೇ ಸಿಕ್ಕಿತು: ಐಗನ್‌ವ್ಯಾಲ್ಯೂಗಳೆಲ್ಲ ಪಾಸಿಟಿವ್ ಆದರೆ ಮ್ಯಾಟ್ರಿಕ್ಸ್ ಪಾಸಿಟಿವ್ ಡೆಫಿನಿಟ್. ಜೊತೆಗೆ ಇನ್ನೊಂದು ವಿಷಯವೂ ತಿಳಿಯಿತು. ಉದ್ದ 1 ಇರುವ ಯಾವ ಬಾಣಕ್ಕೂ ಉತ್ತರ 1 ಕ್ಕಿಂತ ಕಡಿಮೆ ಬರದು, 6 ಕ್ಕಿಂತ ಜಾಸ್ತಿಯೂ ಬರದು.

## ಅಂಕಿ ಬೇರೆ, ಚಿಹ್ನೆ ಒಂದೇ. ಯಾಕೆ?

ಪಿವಟ್‌ಗಳು 2 ಮತ್ತು 3. ಐಗನ್‌ವ್ಯಾಲ್ಯೂಗಳು 6 ಮತ್ತು 1. ಗುಣಿಸಿದರೆ ಎರಡು ಕಡೆಯೂ 6, ಅದು ಡಿಟರ್ಮಿನಂಟ್. ಬೇರೆ ಹೋಲಿಕೆ ಏನೂ ಇಲ್ಲ. ಆದರೂ ಪಾಸಿಟಿವ್ ಎಷ್ಟು, ಮೈನಸ್ ಎಷ್ಟು ಎಂಬ ಎಣಿಕೆ ಎರಡರಲ್ಲೂ ಯಾವಾಗಲೂ ಒಂದೇ. ಇದು ಇಂಗ್ಲೆಂಡಿನ ಗಣಿತಜ್ಞ ಸಿಲ್ವೆಸ್ಟರ್ 1852 ರಲ್ಲಿ ಪ್ರಕಟಿಸಿದ ನಿಯಮದಿಂದ ಬರುತ್ತದೆ.

ನನಗೆ ಇದರ ಕಾರಣ ಈ ಇಡೀ ವಿಷಯದಲ್ಲೇ ಚೆಂದದ ಭಾಗ ಅನ್ನಿಸುತ್ತದೆ. 2(x + y)² + 3y² ಎಂಬುದನ್ನು 2(x + ty)² + 3y² ಎಂದು ಬರೆಯಿರಿ. t = 1 ಆದಾಗ ಅದು ನಮ್ಮ ಮ್ಯಾಟ್ರಿಕ್ಸ್. t ಯನ್ನು ಮೆಲ್ಲಗೆ ಸೊನ್ನೆಗೆ ಇಳಿಸುತ್ತ ಬನ್ನಿ. t = 1 ರಲ್ಲಿ ಐಗನ್‌ವ್ಯಾಲ್ಯೂಗಳು 6 ಮತ್ತು 1. t = 0.5 ಕ್ಕೆ ಬಂದಾಗ 4 ಮತ್ತು 1.5. t = 0 ಆದಾಗ 3 ಮತ್ತು 2, ಅಂದರೆ ಪಿವಟ್‌ಗಳೇ. ದಾರಿಯುದ್ದಕ್ಕೂ ಗುಣಲಬ್ಧ 6 ಆಗಿಯೇ ಉಳಿಯುತ್ತದೆ, ಯಾಕೆಂದರೆ t ಎಷ್ಟೇ ಇರಲಿ ಪಿವಟ್‌ಗಳು 2 ಮತ್ತು 3.

ಪ್ಲಸ್ ಇದ್ದ ಐಗನ್‌ವ್ಯಾಲ್ಯೂ ಮೈನಸ್ ಆಗಬೇಕಾದರೆ ನಡುವೆ ಸೊನ್ನೆಯನ್ನು ದಾಟಬೇಕು. ಸೊನ್ನೆ ಆದ ಕ್ಷಣ ಗುಣಲಬ್ಧವೂ ಸೊನ್ನೆ ಆಗಬೇಕು. ಆದರೆ ಅದು 6 ರಲ್ಲೇ ನಿಂತಿದೆ. ಹಾಗಾಗಿ ಯಾವುದೂ ದಾಟಲಾರದು. ದೊಡ್ಡ ಮ್ಯಾಟ್ರಿಕ್ಸ್‌ಗೂ ಇದೇ ವಾದ, ಪಿವಟ್ ಯಾವುದೂ ಸೊನ್ನೆ ಇರಬಾರದು ಅಷ್ಟೆ.

## ಮಳೆಯ ಮ್ಯಾಟ್ರಿಕ್ಸ್‌ಗೆ ಎರಡೂ ಪರೀಕ್ಷೆ

ಪಿವಟ್ ತೆಗೆಯೋಣ. ಮೊದಲನೆಯದು 1. ಎರಡನೆಯದು 1 − 0.9² = 0.19. ಮೂರನೆಯದು 1 − 0.81/0.19, ಅಂದರೆ ಸುಮಾರು −3.26. ಸಿಕ್ಕಿಬಿತ್ತು.

`cholesky` ನಿಂತದ್ದೂ ಇಲ್ಲೇ. ಆ ವಿಧಾನದಲ್ಲಿ ಪ್ರತಿ ಹಂತದಲ್ಲೂ ಪಿವಟ್‌ನ ವರ್ಗಮೂಲ ತೆಗೆಯಬೇಕು. −3.26 ಕ್ಕೆ ವರ್ಗಮೂಲ ಇಲ್ಲ, ಕೆಲಸ ನಿಲ್ಲಿಸಿ ದೂರು ಕೊಡುತ್ತದೆ. ಈ ವಿಧಾನ ಕಂಡುಹಿಡಿದ ಶೊಲೆಸ್ಕಿ ಫ್ರೆಂಚ್ ಸೈನ್ಯದ ಅಧಿಕಾರಿ, ಭೂಮಾಪನದ ಲೆಕ್ಕಗಳಿಗಾಗಿ ಇದನ್ನು ಬಳಸಿದವನು. 1918 ರಲ್ಲಿ ಯುದ್ಧದಲ್ಲಿ ಸತ್ತ. ವಿಧಾನ ಅಚ್ಚಾದದ್ದು 1924 ರಲ್ಲಿ.

ಈಗ ಐಗನ್‌ವ್ಯಾಲ್ಯೂ:

```python
np.linalg.eigvalsh(C)
# -0.273, 1.0, 2.273
```

ಎರಡು ಪ್ಲಸ್, ಒಂದು ಮೈನಸ್. ಪಿವಟ್‌ನಲ್ಲೂ ಎರಡು ಪ್ಲಸ್, ಒಂದು ಮೈನಸ್. ಸರಿಹೋಯಿತು.

ಆದರೆ −3.26 ಮತ್ತು −0.273 ನಡುವೆ ಎಷ್ಟು ಅಂತರ ನೋಡಿ. ತಪ್ಪು ದೊಡ್ಡದೋ ಚಿಕ್ಕದೋ? ಊರುಗಳ ಕ್ರಮವನ್ನು ಅ, ಕ, ಬ ಎಂದು ಬದಲಿಸಿ ಪಿವಟ್ ತೆಗೆದರೆ 1, 1, −0.62 ಬರುತ್ತದೆ. ಡೇಟಾ ಅದೇ, ಮೈನಸ್ ಪಿವಟ್ ಮಾತ್ರ −3.26 ರಿಂದ −0.62 ಕ್ಕೆ ಇಳಿಯಿತು. ಅಂದರೆ ಪಿವಟ್‌ನ ಚಿಹ್ನೆಯನ್ನು ನಂಬಬಹುದು, ಗಾತ್ರವನ್ನು ನಂಬಬಾರದು. ಐಗನ್‌ವ್ಯಾಲ್ಯೂ ಹಾಗಲ್ಲ. ಕ್ರಮ ಹೇಗೇ ಬದಲಿಸಿದರೂ ಅದು −0.273. ತಪ್ಪು ಎಷ್ಟು ಆಳ ಎಂದು ಹೇಳುವ ಅಂಕಿ ಅದು. ಅದರ ಜೊತೆ ಬರುವ ಐಗನ್‌ವೆಕ್ಟರ್ 1, −√2, 1 ರ ದಿಕ್ಕಿನಲ್ಲಿದೆ. ತಪ್ಪು ಇರುವುದು ಆ ದಿಕ್ಕಿನಲ್ಲಿ ಎಂದರ್ಥ. ನಾವು ಸುಮ್ನೆ ಹಾಕಿ ನೋಡಿದ 1, −1, 1 ಅದರ ಹತ್ತಿರವೇ ಇತ್ತು.

## ಯಾವಾಗ ಯಾವುದು?

ಹೌದೋ ಅಲ್ಲವೋ ಎಂಬ ಒಂದೇ ಉತ್ತರ ಸಾಕಿದ್ದರೆ ಪಿವಟ್. ಅದು ಕೂಡು, ಕಳೆ, ಗುಣಿಸು, ಭಾಗಿಸು ಇಷ್ಟರಲ್ಲೇ ಮುಗಿಯುತ್ತದೆ. n ಸಾಲಿನ ಮ್ಯಾಟ್ರಿಕ್ಸ್‌ಗೆ ಸುಮಾರು n³/3 ಲೆಕ್ಕಗಳು. 1000 ಸಾಲಿದ್ದರೆ 33 ಕೋಟಿಯಷ್ಟು, ಕಂಪ್ಯೂಟರಿಗೆ ಅದು ಏನೂ ಅಲ್ಲ. ಐಗನ್‌ವ್ಯಾಲ್ಯೂಗೆ ಅಂಥ ನೇರ ದಾರಿ ಇಲ್ಲ. n 5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದಕ್ಕೆ ಸಾಮಾನ್ಯ ಸೂತ್ರವೇ ಇಲ್ಲ; ಹಂತ ಹಂತವಾಗಿ ಉತ್ತರದ ಹತ್ತಿರ ಹತ್ತಿರ ಹೋಗಬೇಕು. ಖರ್ಚು ಹಲವು ಪಟ್ಟು ಜಾಸ್ತಿ. ದೂರು ಬಂದಮೇಲೆ ಕಾರಣ ಹುಡುಕುವಾಗ ಆ ಖರ್ಚು ಮಾಡಬಹುದು.

ಎರಡೂ ಮೋಸ ಹೋಗುವ ಜಾಗ ಒಂದಿದೆ. ಮೊದಲ ಸಾಲು 1, 4, ಎರಡನೇ ಸಾಲು 0, 1 ಇರುವ ಮ್ಯಾಟ್ರಿಕ್ಸ್ ನೋಡಿ. ಪಿವಟ್‌ಗಳು 1, 1. ಐಗನ್‌ವ್ಯಾಲ್ಯೂಗಳೂ 1, 1. ಆದರೆ x² + 4xy + y² ನಲ್ಲಿ x = 1, y = −1 ಹಾಕಿದರೆ −2 ಬರುತ್ತದೆ! ಅದು ಸಿಮೆಟ್ರಿಕ್ ಅಲ್ಲ, ಆದ್ದರಿಂದ ಪರೀಕ್ಷೆಗಳು ಅದಕ್ಕೆ ಅನ್ವಯವಾಗುವುದೇ ಇಲ್ಲ. `np.linalg.cholesky` ಇದನ್ನು ಹಿಡಿಯುವುದೂ ಇಲ್ಲ. ಅದು ಕರ್ಣ ಮತ್ತು ಅದರ ಕೆಳಗಿನ ಅಂಕಿಗಳನ್ನು ಮಾತ್ರ ಓದುತ್ತದೆ. ಮೇಲಿನ 4 ಅದರ ಕಣ್ಣಿಗೇ ಬೀಳದು. ಅದಕ್ಕೇ ಮೊದಲು `np.allclose(C, C.T)` ಎಂದು ಕೇಳಿಕೊಳ್ಳುವುದು ಒಳ್ಳೆಯದು.

## ರಿಪೇರಿ

ತುಂಬ ಜನ ಮಾಡುವ ಉಪಾಯ, ಕರ್ಣಕ್ಕೆ 0.000001 ರಂಥ ಸಣ್ಣ ಅಂಕಿ ಸೇರಿಸುವುದು. ಕರ್ಣದ ಎಲ್ಲ ಜಾಗಕ್ಕೂ ಒಂದೇ ಅಂಕಿ ಸೇರಿಸಿದರೆ ಎಲ್ಲ ಐಗನ್‌ವ್ಯಾಲ್ಯೂಗಳೂ ಸರಿಯಾಗಿ ಅಷ್ಟೇ ಮೇಲೇರುತ್ತವೆ, ದಿಕ್ಕುಗಳು ಬದಲಾಗುವುದಿಲ್ಲ. ಅತಿ ಚಿಕ್ಕ ಐಗನ್‌ವ್ಯಾಲ್ಯೂ −0.00000000000000001 ರಂತೆ ಕಂಡರೆ ಅದು ಕಂಪ್ಯೂಟರಿನ ಹದಿನಾರು ಅಂಕಿಯ ಮಿತಿಯಿಂದ ಬಂದ ಸಣ್ಣ ತಪ್ಪು, ನಿಜದಲ್ಲಿ ಸೊನ್ನೆಯೇ ಇರಬಹುದು. ಅಲ್ಲಿ ಈ ಉಪಾಯ ಸಾಕು. ನಮ್ಮ −0.273 ಕ್ಕೆ ಸಾಲದು. 0.273 ಕ್ಕಿಂತ ಜಾಸ್ತಿ ಸೇರಿಸಿದರೆ ಕೋರಿಲೇಶನ್‌ನ ಅರ್ಥವೇ ಬದಲಾಗುತ್ತದೆ.

ಸ್ಪೆಕ್ಟ್ರಲ್ ಥಿಯರಮ್ ಇನ್ನೊಂದು ದಾರಿ ಕೊಡುತ್ತದೆ. ಮ್ಯಾಟ್ರಿಕ್ಸ್ ಅನ್ನು ಲಂಬ ದಿಕ್ಕುಗಳಾಗಿ ಬಿಡಿಸಿ, −0.273 ಇರುವಲ್ಲಿ ಸೊನ್ನೆ ಇಟ್ಟು, ವಾಪಸ್ ಜೋಡಿಸಿ, ಕರ್ಣ ಮತ್ತೆ 1 ಆಗುವಂತೆ ಅಳತೆ ಸರಿಮಾಡಿ. ಹಾಗೆ ಮಾಡಿದರೆ ಅ-ಬ ಮತ್ತು ಬ-ಕ ಸುಮಾರು 0.73 ಕ್ಕೆ ಇಳಿಯುತ್ತವೆ, ಅ-ಕ 0.06 ಕ್ಕೆ ಏರುತ್ತದೆ. ಇದು ಸೆಮಿಡೆಫಿನಿಟ್ ಮಾತ್ರ. `cholesky` ಓಡಲೇಬೇಕು ಎಂದಿದ್ದರೆ ಸೊನ್ನೆಯ ಬದಲು ಚಿಕ್ಕ ಪಾಸಿಟಿವ್ ಅಂಕಿ ಇಡಬೇಕು. ಮೂಲಕ್ಕೆ ಅತಿ ಹತ್ತಿರದ ಕೋರಿಲೇಶನ್ ಮ್ಯಾಟ್ರಿಕ್ಸ್ ಬೇಕಿದ್ದರೆ ಗಣಿತಜ್ಞ ನಿಕೊಲಸ್ ಹೈಯಂ 2002 ರಲ್ಲಿ ಕೊಟ್ಟ ವಿಧಾನ ಇದೆ. ಅದೂ ಹೀಗೆ ಮೈನಸ್ ತೆಗೆಯುವುದು, ಕರ್ಣ ಸರಿಮಾಡುವುದು ಎರಡನ್ನೂ ಸರದಿಯಲ್ಲಿ ಮಾಡುತ್ತ ಹೋಗುತ್ತದೆ, ನಡುವೆ ಒಂದು ತಿದ್ದುಪಡಿ ಸೇರಿಸಿಕೊಂಡು.

ಆದರೆ 0.9 ಇದ್ದದ್ದು 0.73 ಆಗಿದ್ದನ್ನು ಗಮನಿಸಿ. ಅ-ಬ ಲೆಕ್ಕ ಇಪ್ಪತ್ತು ವರ್ಷದ ಗಟ್ಟಿ ಡೇಟಾದಿಂದ, ಅ-ಕ ಲೆಕ್ಕ ಬರೀ ಒಂದು ಮಳೆಗಾಲದಿಂದ ಬಂದಿದ್ದರೆ, ಈ ರಿಪೇರಿ ಗಟ್ಟಿ ಅಂಕಿಯನ್ನೇ ಕೆಡಿಸಿ ಸಡಿಲ ಅಂಕಿಯನ್ನು ಹೆಚ್ಚುಕಡಿಮೆ ಹಾಗೇ ಬಿಟ್ಟಂತಾಯಿತು. ಯಾವ ಜೋಡಿಗೆ ಎಷ್ಟು ದಿನಗಳ ಲೆಕ್ಕ ಇದೆ ಎಂಬುದು ಮ್ಯಾಟ್ರಿಕ್ಸ್‌ನಲ್ಲಿ ಎಲ್ಲೂ ಇಲ್ಲ. ಅದನ್ನು ಮೂಲ ಡೇಟಾದಲ್ಲೇ ಎಣಿಸಬೇಕು. `df.corr(min_periods=365)` ಎಂದು ಕೊಟ್ಟರೆ ಅಷ್ಟು ದಿನಗಳ ಲೆಕ್ಕ ಇಲ್ಲದ ಜೋಡಿಯ ಜಾಗದಲ್ಲಿ `NaN` ಬರುತ್ತದೆ. ಮೂರೂ ಮಾಪಕಗಳು ಕೆಲಸ ಮಾಡಿದ ದಿನಗಳು ಸಾಕಷ್ಟು ಇದ್ದರೆ `df.dropna().corr()` ಇನ್ನೂ ಸುಲಭ: ಎಲ್ಲ ಜೋಡಿಗೂ ಒಂದೇ ದಿನಗಳು, ಆಗ ಮೈನಸ್ ಐಗನ್‌ವ್ಯಾಲ್ಯೂ ಹುಟ್ಟುವುದೇ ಇಲ್ಲ.